ಸಾರು ಚೆಲ್ಲಲಿಲ್ಲ: ಮೂವತ್ತು ಸೆಕೆಂಡಿನ ಒಂದು ಹೆಲ್ಮೆಟ್ ಜಾಹೀರಾತು ಆದ ಬಗೆ

ಮಳೆ ಶುರುವಾಗಿ ಎರಡು ದಿನ ಆಗಿತ್ತು. ಪುಣೆಯ ಸಿಂಹಗಡ ರಸ್ತೆಯಲ್ಲಿ ಮಧ್ಯಾಹ್ನದ ಊಟದ ಕ್ಯಾರಿಯರ್ ತೂಗುಹಾಕಿಕೊಂಡು ಹೊರಟ ಹೋಟೆಲ್ ಹುಡುಗನೊಬ್ಬನ ಸ್ಕೂಟರ್ ಜಾರಿತು. ಬೇಸಿಗೆಯೆಲ್ಲ ಟಾರಿನ ಮೇಲೆ ಕೂತ ಎಣ್ಣೆ, ಧೂಳು ಮೊದಲ ಮಳೆಗೆ ಮೇಲೆದ್ದು ರಸ್ತೆ ಸಾಬೂನು ಹಚ್ಚಿದ ಹಾಗೆ ಆಗುತ್ತದಲ್ಲ, ಅದೇ. ವೇಗ ಜಾಸ್ತಿ ಇರಲಿಲ್ಲ. ತಲೆ ಮೇಲೆ ಹೆಲ್ಮೆಟ್ಟೂ ಇತ್ತು. ಆದರೆ ಜನ ಓಡಿ ಬಂದು ನೋಡಿದಾಗ ಹುಡುಗ ಡಿವೈಡರಿನ ಈಚೆ ಬಿದ್ದಿದ್ದ, ಹೆಲ್ಮೆಟ್ ಆಚೆ ಬಿದ್ದಿತ್ತು. ಗದ್ದದ ಕೆಳಗಿನ ಕ್ಲಿಪ್ ಹಾಕಿರಲಿಲ್ಲ.

ಹುಡುಗ ಬದುಕಿದ. ತಲೆಗೆ ಹೊಲಿಗೆ ಬಿತ್ತು, ಎರಡು ತಿಂಗಳು ಕೆಲಸವಿಲ್ಲ. ಈಗ ಗಲ್ಲಾದಲ್ಲಿ ಕೂತು ಬಿಲ್ ಬರೆಯುತ್ತಾನೆ.

ಈ ಕತೆಯನ್ನು ನನಗೆ ಹೇಳಿದವರು ಹೋಟೆಲಿನ ಯಜಮಾನರು. ಕುಂದಾಪುರದ ಕಡೆಯವರು, ಪುಣೆಗೆ ಬಂದು ಮೂವತ್ತು ವರ್ಷದ ಮೇಲಾಯಿತು. ನಾನು ಚಿಕ್ಕ ಚಿಕ್ಕ ಜಾಹೀರಾತು ಚಿತ್ರಗಳಿಗೆ ಬರೆಯುವವ. ಅವರ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಎಷ್ಟೋ ಸ್ಕ್ರಿಪ್ಟ್ ಬರೆದಿದ್ದೇನೆ. ತಮ್ಮಂಥ ನಾಲ್ಕಾರು ಹೋಟೆಲಿನವರು ಸೇರಿ ದುಡ್ಡು ಹಾಕುತ್ತೇವೆ, ಡೆಲಿವರಿ ಹುಡುಗರಿಗಾಗಿ, ಊರಿನವರಿಗೂ ಆಗುವ ಹಾಗೆ, ಮೂವತ್ತು ಸೆಕೆಂಡಿನ ಒಂದು ಫಿಲ್ಮ್ ಮಾಡಿಕೊಡಿ ಅಂದರು. ಮಾತಿನ ನಡುವೆ ಅವರ ಬಾಯಿಂದ ಒಂದು ವಾಕ್ಯ ಬಂತು. "ಕ್ಯಾರಿಯರ್ ಬಿಚ್ಚಲೇ ಇಲ್ಲ ಮಾರಾಯ್ರೆ. ಒಂದು ಹನಿ ಸಾರು ಚೆಲ್ಲಲಿಲ್ಲ."

ಅವರು ಅದನ್ನು ಸುಮ್ನೆ ಹೇಳಿದ್ದು. ಸ್ಟೀಲಿನ ಡಬ್ಬಿ, ಎರಡು ಪಕ್ಕದಲ್ಲೂ ಕ್ಲಿಪ್, ಮೇಲೆ ಬಟ್ಟೆ ಚೀಲದ ಗಂಟು. ಹೊರಡುವ ಮುಂಚೆ ಹುಡುಗ ಎರಡೂ ಕ್ಲಿಪ್ ಒತ್ತಿ ನೋಡಿದ್ದ. ಸಾರು ಚೆಲ್ಲಿದರೆ ಬೈಗುಳ ತಿನ್ನಬೇಕಲ್ಲ! ಅದೇ ಕೈ ತನ್ನ ಗದ್ದದ ಕೆಳಗೆ ಹೋಗಿರಲಿಲ್ಲ. ನನಗೆ ಚಿತ್ರ ಅಲ್ಲೇ ಸಿಕ್ಕಿಬಿಟ್ಟಿತು. ಒದ್ದೆ ರಸ್ತೆ. ಅಲ್ಲಿ ಬಿದ್ದಿರುವ ಕ್ಯಾರಿಯರ್, ಗಟ್ಟಿಯಾಗಿ ಮುಚ್ಚಿಕೊಂಡಿದೆ. ಸ್ವಲ್ಪ ಆಚೆ ಖಾಲಿ ಹೆಲ್ಮೆಟ್, ಬಾಯಿ ಬಿಟ್ಟ ಕ್ಲಿಪ್. ಮನುಷ್ಯ ಕಾಣುವುದಿಲ್ಲ.

ಚಿತ್ರ ಸಿಕ್ಕಿದ್ದು ಒಂದು ಸಂಜೆಯಲ್ಲಿ. ಅದನ್ನು ಮೂವತ್ತು ಸೆಕೆಂಡಿಗೆ ಇಳಿಸಲು ಒಂದೂವರೆ ತಿಂಗಳು ಹಿಡಿಯಿತು.

ಮೊದಲ ಜಗಳ ಅಂಕಿಗಳದ್ದು. ಯಜಮಾನರ ಜೊತೆಗಿದ್ದ ಒಬ್ಬರಿಗೆ ವರ್ಷಕ್ಕೆ ಎಷ್ಟು ಜನ ಸಾಯುತ್ತಾರೆ ಎಂಬ ದೊಡ್ಡ ಸಂಖ್ಯೆ ಕೊನೆಯಲ್ಲಿ ಬರಲೇಬೇಕಿತ್ತು. ಬೇಡ ಅಂದೆ. ಅದಕ್ಕೆ ಎರಡು ಕಾರಣ ಇತ್ತು. ದೊಡ್ಡ ಸಂಖ್ಯೆ ಕೇಳಿದವನು ತನ್ನನ್ನು ಅದರಲ್ಲಿ ಎಣಿಸಿಕೊಳ್ಳುವುದಿಲ್ಲ, ಇದು ಎಲ್ಲರಿಗೂ ಗೊತ್ತಿರುವುದೇ. ಎರಡನೆಯ ಕಾರಣ ಅಷ್ಟು ಗೊತ್ತಿಲ್ಲದ್ದು, ಇನ್ನೂ ಅಪಾಯದ್ದು. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಿಯಾಲ್ಡಿನಿ ಮತ್ತವರ ಜೊತೆಗಾರರು ಅರಿಜೋನಾದಲ್ಲಿ ಒಂದು ಪ್ರಯೋಗ ಮಾಡಿದ್ದರು. ಅಲ್ಲಿನ ಒಂದು ರಾಷ್ಟ್ರೀಯ ಉದ್ಯಾನದಲ್ಲಿ ಕಲ್ಲಾಗಿ ಹೋದ ಹಳೆಯ ಮರಗಳಿವೆ, ನೋಡಲು ಬಂದವರು ಚೂರು ಚೂರು ಕದ್ದೊಯ್ಯುತ್ತಾರೆ. "ಹಿಂದೆ ಬಂದ ತುಂಬ ಜನ ಹೀಗೆ ಒಯ್ದಿದ್ದಾರೆ, ಕಾಡಿನ ಸ್ವರೂಪವೇ ಬದಲಾಗಿದೆ" ಎಂಬ ಫಲಕ ಹಾಕಿದ ದಾರಿಯಲ್ಲಿ ಕಳ್ಳತನ ಜಾಸ್ತಿ ಆಯಿತು. "ದಯವಿಟ್ಟು ಒಯ್ಯಬೇಡಿ" ಎಂದಷ್ಟೇ ಹೇಳಿದ ದಾರಿಯಲ್ಲಿ ಕಡಿಮೆ ಇತ್ತು. ತುಂಬ ಜನ ತಪ್ಪು ಮಾಡುತ್ತಿದ್ದಾರೆ ಅಂತ ಹೇಳಿದರೆ, ಅದು ಎಲ್ಲರೂ ಮಾಡುವ ಕೆಲಸ ಅಂತಲೂ ಹೇಳಿದ ಹಾಗಾಗುತ್ತದೆ. "ಇಷ್ಟು ಜನ ಕ್ಲಿಪ್ ಹಾಕುವುದಿಲ್ಲ" ಅಂದರೆ ಹುಡುಗರು ಕೇಳಿಸಿಕೊಳ್ಳುವುದು "ಓ, ಯಾರೂ ಹಾಕಲ್ಲ ಬಿಡು" ಅಂತ.

ಎರಡನೆಯ ಜಗಳ ಸಲಹೆಗಳ ಪಟ್ಟಿಯದ್ದು. ಅತಿ ವೇಗ ಬೇಡ, ಫೋನ್ ಬೇಡ, ಐಎಸ್‌ಐ ಗುರುತಿನ ಹೆಲ್ಮೆಟ್ಟೇ ತಗೊಳ್ಳಿ, ಹಿಂದೆ ಕೂತವರೂ ಹಾಕಿ, ರಾಂಗ್ ಸೈಡ್ ಬೇಡ. ಎಲ್ಲವೂ ಸರಿಯೇ. ಆದರೆ ಮೂವತ್ತು ಸೆಕೆಂಡ್ ಅಂದರೆ ಟಿವಿ ಲೆಕ್ಕದಲ್ಲಿ 750 ಫ್ರೇಮ್, ಅಷ್ಟೇ. ಮಾತಿನ ಲೆಕ್ಕದಲ್ಲಿ ಕನ್ನಡದ ಸುಮಾರು ನಲವತ್ತೈದು ಪದ. ಅದೂ ಎಲ್ಲೂ ಉಸಿರು ಬಿಡದೆ ಹೇಳಿದರೆ. ಯಜಮಾನರಿಗೆ ಅವರ ಭಾಷೆಯಲ್ಲೇ ಹೇಳಿದೆ: "ಒಂದೇ ಡಬ್ಬಿಗೆ ಸಾರು, ಪಲ್ಯ, ಪಾಯಸ, ಮಜ್ಜಿಗೆ ಎಲ್ಲ ಹುಯ್ದು ಕಳಿಸ್ತೀರಾ?" ಅವರು ನಕ್ಕರು. ಉಳಿದವರು ನಗಲಿಲ್ಲ, ಆದರೆ ಒಪ್ಪಿಕೊಂಡರು.

ಕ್ಲಿಪ್ ಒಂದನ್ನೇ ಹಿಡಿದದ್ದಕ್ಕೆ ಪುಣೆಯದ್ದೇ ಆದ ಕಾರಣವೂ ಇತ್ತು. ಈ ಊರಿನಲ್ಲಿ ಹೆಲ್ಮೆಟ್ ಅನ್ನುವುದು ಬರೀ ಸಾಮಾನಲ್ಲ, ಅದೊಂದು ವಾದ. 2019ರ ಜನವರಿಯಲ್ಲಿ ಪೊಲೀಸರು ಹೆಲ್ಮೆಟ್ ಕಡ್ಡಾಯವನ್ನು ಬಿಗಿ ಮಾಡಿದಾಗ ಇಲ್ಲಿ ಅದರ ವಿರುದ್ಧವೇ ಮೆರವಣಿಗೆ ಹೊರಟಿತ್ತು. ಹೆಲ್ಮೆಟ್ ವಿರೋಧಿಸಲೆಂದೇ ಹೋರಾಟ ಸಮಿತಿ ಇದ್ದ ಊರು ಇದು. "ಹೆಲ್ಮೆಟ್ ಹಾಕಿ" ಎಂದು ಶುರು ಮಾಡಿದರೆ ನೋಡುವವನ ತಲೆಯಲ್ಲಿ ಆ ಹಳೆಯ ವಾದವೇ ಎದ್ದು ನಿಲ್ಲುತ್ತದೆ: ಕುತ್ತಿಗೆ ನೋವು, ಕೂದಲು, ಸೆಕೆ, ಊರೊಳಗೆ ಯಾಕೆ ಇತ್ಯಾದಿ. ನಮ್ಮ ಹುಡುಗರು ಆಗಲೇ ಹೆಲ್ಮೆಟ್ ಹಾಕುತ್ತಾರೆ. ಅವರ ಜೊತೆ ಆ ವಾದವೇ ಬೇಕಾಗಿಲ್ಲ. ಮುಕ್ಕಾಲು ಕೆಲಸ ಮಾಡಿ ಕಾಲು ಬಿಟ್ಟವರು ಅವರು. ಆ ಕಾಲು ಭಾಗಕ್ಕೆ ದುಡ್ಡು ಬೇಡ, ಎರಡು ಸೆಕೆಂಡ್ ಸಾಕು.

ಯಾಕೆ ಹಾಕುವುದಿಲ್ಲ ಅಂತ ಹುಡುಗರನ್ನೇ ಕೇಳಿದೆ. ಕಾರಣ ನಾನು ಎಣಿಸಿದ್ದಕ್ಕಿಂತ ಸರಳವಾಗಿತ್ತು. ಒಂದು ಊಟದ ಹೊತ್ತಿನಲ್ಲಿ ಹತ್ತು ಹನ್ನೆರಡು ಕಡೆ ಇಳಿಯಬೇಕು. ಪ್ರತಿ ಸಲ ಹೆಲ್ಮೆಟ್ ತೆಗೆದು ಲಿಫ್ಟಿನ ಹತ್ತಿರ ವಾಚ್‌ಮನ್‌ಗೆ ಮುಖ ತೋರಿಸಬೇಕು. ಬೆವರಿಗೆ ಪಟ್ಟಿ ಗದ್ದ ಕೆರೆಯುತ್ತದೆ. ಮತ್ತೆ ಒಬ್ಬ ಹೇಳಿದ್ದು ನನಗೆ ಇಷ್ಟವಾಯಿತು: "ಅಣ್ಣ, ಚೌಕದಲ್ಲಿ ನಿಂತ ಪೊಲೀಸ್ ಹೆಲ್ಮೆಟ್ ನೋಡ್ತಾನೆ, ಕ್ಲಿಪ್ ನೋಡಲ್ಲ." ಕಾನೂನು ಮಾತ್ರ ನೋಡುತ್ತದೆ. ಮೋಟಾರು ವಾಹನ ಕಾಯ್ದೆಯ 129ನೇ ಕಲಮಿನಲ್ಲಿ, ಪಟ್ಟಿಯಿಂದಲೋ ಬೇರೆ ಕೊಂಡಿಯಿಂದಲೋ ತಲೆಗೆ ಭದ್ರವಾಗಿ ಬಿಗಿದದ್ದನ್ನೇ ಹೆಲ್ಮೆಟ್ ಅಂತ ಕರೆದಿದ್ದಾರೆ. ಸುಮ್ನೆ ತಲೆ ಮೇಲೆ ಇಟ್ಟದ್ದು ಅದರ ಲೆಕ್ಕದಲ್ಲಿ ಹೆಲ್ಮೆಟ್ಟೇ ಅಲ್ಲ.

ಕ್ಲಿಪ್ ಹಾಕದ ಹೆಲ್ಮೆಟ್ ಯಾಕೆ ಕೆಲಸಕ್ಕೆ ಬರುವುದಿಲ್ಲ ಅನ್ನುವುದನ್ನು ನಾವು ಚಿತ್ರದಲ್ಲಿ ಹೇಳಲಿಲ್ಲ. ಆದರೆ ನಮಗೆ ಅದು ತಿಳಿದಿರಬೇಕಿತ್ತು, ಇಲ್ಲದಿದ್ದರೆ ತಪ್ಪು ಚಿತ್ರ ತೋರಿಸುತ್ತಿದ್ದೆವು. ಸ್ಕೂಟರ್ ಗಕ್ಕನೆ ನಿಂತಾಗ ಮೈ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಕಿಲೋಗಿಂತ ಜಾಸ್ತಿ ತೂಕದ ಹೆಲ್ಮೆಟ್ಟೂ ಹೋಗುತ್ತಲೇ ಇರುತ್ತದೆ. ತಲೆಗೂ ಅದಕ್ಕೂ ಬಿಗಿಯಾದ ಸಂಬಂಧ ಇಲ್ಲದಿದ್ದರೆ ತಲೆ ಒಂದು ಕಡೆ ತಿರುಗುತ್ತದೆ, ಅದು ಇನ್ನೊಂದು ಕಡೆ. ಅಲ್ಲದೆ ಬೀಳುವುದು ಒಂದೇ ಏಟಲ್ಲ. ಮೊದಲು ಭುಜವೋ ಮೊಣಕೈಯೋ ತಾಗುತ್ತದೆ, ಆ ಕುಲುಕಿಗೇ ಹೆಲ್ಮೆಟ್ ಕಳಚಿಕೊಳ್ಳುತ್ತದೆ. ತಲೆ ನೆಲಕ್ಕೆ ತಾಗುವುದು ಅದರ ನಂತರ, ಬರಿದಾಗಿ. "ನಾನು ನಿಧಾನ ಹೋಗ್ತೀನಿ" ಎನ್ನುವವರಿಗೆ ಒಂದು ಲೆಕ್ಕ ಇದೆ. ಒಂದೂವರೆ ಮೀಟರ್ ಎತ್ತರದಿಂದ, ಅಂದರೆ ಸ್ಕೂಟರಿನ ಮೇಲೆ ಕೂತವನ ತಲೆ ಹತ್ತಿರ ಹತ್ತಿರ ಇರುವ ಎತ್ತರದಿಂದ, ಏನೇ ಬಿದ್ದರೂ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 20 ಕಿಲೋಮೀಟರ್. ಗಾಡಿ ನಿಂತಿದ್ದರೂ ಅಷ್ಟೇ.

ಇನ್ನು ಚಿತ್ರ. ನಾವು ಬರೆದ ಮೊದಲ ಕರಡಿನಲ್ಲಿ ಮಾತೇ ಇರಲಿಲ್ಲ. ಸ್ಟೀಲ್ ಮುಚ್ಚಳದ ಮೇಲೆ ಒಂದು ಕೈ, ತುಂಬ ಹತ್ತಿರದಿಂದ. ಒಂದು ಪಕ್ಕದ ಕ್ಲಿಪ್, ಟಕ್. ಇನ್ನೊಂದು ಪಕ್ಕ, ಟಕ್. ಅಲ್ಲಿಗೆ ಐದು ಸೆಕೆಂಡ್. ಚೀಲದ ಗಂಟು, ಸ್ಕೂಟರಿನ ಕೊಕ್ಕೆಗೆ ತೂಗುಹಾಕಿ ಒಂದು ಸಲ ಎಳೆದು ನೋಡುವುದು, ಎಂಟು. ಹೆಲ್ಮೆಟ್ ತಲೆಗೇರುತ್ತದೆ, ಗದ್ದದ ಕೆಳಗೆ ಪಟ್ಟಿ ನೇತಾಡುತ್ತದೆ, ಸದ್ದಿಲ್ಲ, ಹತ್ತು. ಆಮೇಲೆ ಆರು ಸೆಕೆಂಡ್ ಓಟ. ಗಾಳಿಗೆ ಆ ಪಟ್ಟಿ ಕೆನ್ನೆಗೆ ಬಡಿದುಕೊಳ್ಳುವ ಪಟಪಟ ಸದ್ದು ಮಾತ್ರ. ಒಂದು ಬ್ರೇಕಿನ ಕಿರುಚು, ಪರದೆ ಕಪ್ಪು. ನಂತರ ಒದ್ದೆ ರಸ್ತೆ, ಮುಚ್ಚಿಕೊಂಡ ಕ್ಯಾರಿಯರ್. ಕ್ಯಾಮೆರಾ ನಿಧಾನ ಪಕ್ಕಕ್ಕೆ ಸರಿದಾಗ ಅಂಗಾತ ಬಿದ್ದ ಹೆಲ್ಮೆಟ್, ಇನ್ನೂ ತೂಗುತ್ತಿದೆ. ತೂಗುವುದು ನಿಲ್ಲುತ್ತದೆ. ಕೊನೆಗೆ ಬರಹ. ಅಷ್ಟೇ.

ಶೂಟಿಂಗಿಗೆ ಹೋಗುವ ಮುಂಚೆ ಇದನ್ನು ಫೋಟೊ ಜೋಡಿಸಿ, ಸದ್ದು ಸೇರಿಸಿ ಮೂವತ್ತು ಸೆಕೆಂಡಿನ ಕಚ್ಚಾ ರೂಪ ಮಾಡಿದೆವು. ಹತ್ತು ಜನಕ್ಕೆ ಅವರವರ ಫೋನಿನಲ್ಲೇ ತೋರಿಸಿದೆವು. ನೋಡಿದ ಕೂಡಲೇ ಏನೂ ಕೇಳಲಿಲ್ಲ. ಕೂಡಲೇ ಕೇಳಿದರೆ ಎಲ್ಲರೂ "ಚೆನ್ನಾಗಿದೆ" ಅನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಮರುದಿನ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆವು: ನಿನ್ನೆ ನೋಡಿದ್ದು ನಿಮಗೆ ಏನು ಮಾಡು ಅಂತ ಹೇಳಿತು?

ಆರು ಜನ "ಹೆಲ್ಮೆಟ್ ಹಾಕು" ಅಂದರು. ಇಬ್ಬರಿಗೆ "ನಿಧಾನ ಹೋಗು". ಒಬ್ಬಾಕೆ, ಗೆಳೆಯನ ಅಕ್ಕ, "ಒಳ್ಳೇ ಸ್ಟೀಲ್ ಕ್ಯಾರಿಯರ್ ತಗೋ ಅಂತ, ಅಲ್ವಾ? ಯಾವ ಕಂಪನಿಯದ್ದು?" ಅಂದಳು. ಕ್ಲಿಪ್ ಅಂದವನು ಒಬ್ಬನೇ. ಅವನು ಕ್ಯಾಮೆರಾದವನ ತಮ್ಮ, ಹಾಗಾಗಿ ಅವನನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನೆನಪು ಮಾತ್ರ ಎಲ್ಲರಿಗೂ ಇತ್ತು. ಕ್ಯಾರಿಯರ್, ಒದ್ದೆ ರಸ್ತೆ, ತೂಗುವ ಹೆಲ್ಮೆಟ್ ಎಲ್ಲವನ್ನೂ ಹೇಳಿದರು. ಹೇಳಬೇಕಾದ ವಿಷಯ ಮಾತ್ರ ಮರೆತಿದ್ದರು. ಜಾಹೀರಾತಿನವರು ಇದಕ್ಕೆ ವ್ಯಾಂಪೈರ್ ಅಂತ ಹೆಸರಿಟ್ಟಿದ್ದಾರೆ: ಕಣ್ಣು ಸೆಳೆಯಲೆಂದು ತಂದ ಚಿತ್ರವೇ ಸಂದೇಶದ ರಕ್ತ ಹೀರಿಬಿಡುತ್ತದೆ. ಒಂದೇ ಚಿತ್ರವನ್ನು ನಂಬಿದ ಜಾಹೀರಾತಿಗೆ ಇದೇ ದೊಡ್ಡ ಅಪಾಯ. ಮಾಡುವವರಿಗೆ ಇದು ತಾನಾಗಿ ಗೊತ್ತಾಗುವುದೂ ಇಲ್ಲ, ಯಾಕೆಂದರೆ ಅವರ ತಲೆಯಲ್ಲಿ ಸಂದೇಶ ಮೊದಲೇ ಕೂತಿರುತ್ತದೆ.

ಎಲ್ಲಿ ಕೈ ತಪ್ಪಿತು ಅಂತ ಹುಡುಕಿದಾಗ ಮೂರು ಕಡೆ ಸಿಕ್ಕಿತು.

ಪಟ್ಟಿ ಕಾಣುತ್ತಲೇ ಇರಲಿಲ್ಲ. ನಮ್ಮ ದೊಡ್ಡ ಮಾನಿಟರಿನಲ್ಲಿ ಚೆನ್ನಾಗಿ ಕಾಣುತ್ತಿದ್ದ ಕಪ್ಪು ಪಟ್ಟಿ, ಹುಡುಗನ ಕಡುನೀಲಿ ಅಂಗಿಯ ಮೇಲೆ ಫೋನಿನಲ್ಲಿ ಮಾಯವಾಗಿತ್ತು. ಪಟ್ಟಿಗೆ ಕೆಂಪು ಬಣ್ಣ ಹಚ್ಚೋಣ ಅಂತ ಒಬ್ಬರು ಅಂದರು. ಹಚ್ಚಿ ನೋಡಿದೆವು. ನಾಟಕದ ಸಾಮಾನಿನ ಹಾಗೆ ಕಂಡಿತು, ತೆಗೆದೆವು. ಕೊನೆಗೆ ಹುಡುಗನಿಗೆ ಹೋಟೆಲಿನ ಬಿಳಿ ಅಂಗಿ ಹಾಕಿಸಿ, ಬೆಳಗಿನ ಬಿಸಿಲು ಹಿಂದಿನಿಂದ ಬೀಳುವ ಹಾಗೆ ನಿಲ್ಲಿಸಿದೆವು. ಪಟ್ಟಿಯ ಅಂಚು ಹೊಳೆಯಿತು. ಚೌಕಟ್ಟಿನ ಮೂರನೇ ಒಂದು ಭಾಗ ಅದೇ ತುಂಬಿರಬೇಕು ಅಂತ ನಿಯಮ ಮಾಡಿಕೊಂಡೆವು. ಈಗ ಇಂಥದ್ದನ್ನೆಲ್ಲ ಜನ ನೋಡುವುದು ಅಂಗೈಯಲ್ಲೇ ಅಲ್ಲವೇ.

ಎರಡನೆಯದು, ಡಬ್ಬಿಯ ಕ್ಲಿಪ್ಪಿಗೂ ಹೆಲ್ಮೆಟ್ ಕ್ಲಿಪ್ಪಿಗೂ ನಂಟು ಬೆಸೆದಿರಲಿಲ್ಲ. ನಮ್ಮ ಮನಸ್ಸಿನಲ್ಲಿ ಅವು ಅಣ್ಣತಮ್ಮ. ಪರದೆಯ ಮೇಲೆ ಒಂದು ದೊಡ್ಡದು, ಒಂದು ಚಿಕ್ಕದು, ಒಂದು ಎಡಕ್ಕೆ, ಒಂದು ಮಧ್ಯದಲ್ಲಿ. ನೋಡುವವನಿಗೆ ಹೇಗೆ ತಿಳಿಯಬೇಕು? ಎರಡನ್ನೂ ಒಂದೇ ಅಳತೆಯಲ್ಲಿ, ಒಂದೇ ಕೋನದಲ್ಲಿ, ಚೌಕಟ್ಟಿನ ಒಂದೇ ಜಾಗದಲ್ಲಿ ಹಿಡಿಯಬೇಕಿತ್ತು. ಡಬ್ಬಿಯ ಟಕ್ ಕೇಳಿದ ಜಾಗದಲ್ಲೇ ಕಣ್ಣು ಹೆಲ್ಮೆಟ್ಟಿನ ಟಕ್‌ಗೆ ಕಾಯಬೇಕು, ಅದು ಬರಬಾರದು. ಆ ಕೊರತೆ ನೋಡುವವನಿಗೆ ತಾನಾಗಿ ಹೊಳೆಯಬೇಕು.

ಮೂರನೆಯದು ಕೊನೆ. ಖಾಲಿ ಹೆಲ್ಮೆಟ್ಟಿನ ಮೇಲೆ ಮುಗಿಸುವುದು ನನಗೆ ಬಹಳ ಇಷ್ಟವಾಗಿತ್ತು. ಅದೇ ತಪ್ಪಾಗಿತ್ತು. ಭಯ ಹುಟ್ಟಿಸುವ ಸಂದೇಶಗಳ ಬಗ್ಗೆ ಕಿಮ್ ವಿಟ್ ಎಂಬ ಸಂಶೋಧಕಿ 1992ರಲ್ಲಿ ಹೇಳಿದ ಮಾತು ಈ ಕೆಲಸದಲ್ಲಿ ತುಂಬ ಸಲ ನಿಜವಾಗುತ್ತದೆ. ಹೆದರಿದವನಿಗೆ ತನ್ನ ಕೈಲಾಗುವ ಒಂದು ದಾರಿ ಕಂಡರೆ ಅವನು ಅಪಾಯವನ್ನು ದೂರ ಮಾಡಲು ನೋಡುತ್ತಾನೆ. ಕಾಣದಿದ್ದರೆ ಹೆದರಿಕೆಯನ್ನೇ ದೂರ ಮಾಡುತ್ತಾನೆ: ಮುಖ ತಿರುಗಿಸುತ್ತಾನೆ, ನಗುತ್ತಾನೆ, ಇದು ನನಗಲ್ಲ ಅನ್ನುತ್ತಾನೆ. ನಮ್ಮ ಚಿತ್ರ ಹೆದರಿಸಿ ಕೈಬಿಟ್ಟಿತ್ತು. ಆದ್ದರಿಂದ ಬ್ರೇಕಿನ ಸದ್ದು, ರಸ್ತೆ ಎರಡನ್ನೂ ಸೇರಿಸಿ ಏಳು ಸೆಕೆಂಡಿಗೆ ಇಳಿಸಿದೆವು. ಉಳಿದ ನಾಲ್ಕು ಸೆಕೆಂಡಿನಲ್ಲಿ ಇನ್ನೊಬ್ಬರ ಗದ್ದ, ಇನ್ನೊಂದು ಕೈ, ಟಕ್. ಮುಖ ಪೂರ್ತಿ ಕಾಣುವುದಿಲ್ಲ. ಗಂಡಸೋ ಹೆಂಗಸೋ ಅಂತಲೂ ಗೊತ್ತಾಗಬೇಕಾಗಿಲ್ಲ. ಕೊನೆಯ ಮೂರು ಸೆಕೆಂಡ್ ಬರಹಕ್ಕೆ.

ಬರಹ ಬರೆಯುವುದು ಒಂದು ನಿಮಿಷದ ಕೆಲಸ ಅಂದುಕೊಂಡಿದ್ದೆ. "ಬೆಲ್ಟ್" ಅಂದರೆ ಕಾರಿನ ಸೀಟ್ ಬೆಲ್ಟ್ ನೆನಪಾಗುತ್ತದೆ. "ಲಾಕ್" ಅಂದರೆ ಹ್ಯಾಂಡಲ್ ಲಾಕ್. "ಪಟ್ಟಿ" ಅಂದರೆ ಬರೀ ಪಟ್ಟಿ, ಅದು ಕಟ್ಟಿದ್ದೋ ಬಿಚ್ಚಿದ್ದೋ ಗೊತ್ತಾಗುವುದಿಲ್ಲ. ಡಬ್ಬಿಗೂ ಹೆಲ್ಮೆಟ್ಟಿಗೂ ಎರಡಕ್ಕೂ ಒಪ್ಪುವ ಮಾತು ಒಂದೇ ಇತ್ತು, ಕ್ಲಿಪ್. "ಡಬ್ಬಿಗೆ ಕ್ಲಿಪ್ ಹಾಕಿದಿರಿ. ಹೆಲ್ಮೆಟ್‌ಗೆ?" ಕನ್ನಡದ್ದು ಅಲ್ಲಿಗೆ ಮುಗಿಯಿತು.

ಪುಣೆಯಲ್ಲಿ ಮರಾಠಿ ಇಲ್ಲದೆ ಆಗುವುದಿಲ್ಲ. ನಾನು ಜಾಣತನ ಮಾಡಿ "ಡಬಾ ಲಾವಲಾ. ಪಟ್ಟಾ?" ಅಂತ ಬರೆದುಕೊಟ್ಟೆ. ಕ್ಯಾಮೆರಾದವನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. ಈ ಊರಿನಲ್ಲಿ ಡಬಾ ಲಾವಣೆ ಅಂದರೆ ಮೆಸ್ಸಿನಿಂದ ತಿಂಗಳ ಊಟಕ್ಕೆ ಗೊತ್ತು ಮಾಡಿಕೊಳ್ಳುವುದು. ಹಾಸ್ಟೆಲ್ ಹುಡುಗರೆಲ್ಲ ಬಂದ ಮೊದಲ ವಾರ ಮಾಡುವ ಕೆಲಸ ಅದು. ಜಾಹೀರಾತು "ಊಟಕ್ಕೆ ಗೊತ್ತು ಮಾಡಿಕೊಂಡ್ರಾ?" ಅಂತ ಕೇಳುತ್ತಿತ್ತು. "ಡಬ್ಯಾಚೀ ಕ್ಲಿಪ್ ಲಾವಲೀ. ಹೆಲ್ಮೆಟಚೀ?" ಅಂತ ಅವನೇ ತಿದ್ದಿದ. ಇಷ್ಟು ವರ್ಷ ಈ ಊರಿನ ನೀರು ಕುಡಿದೂ ನನಗೆ ಅದು ಹೊಳೆದಿರಲಿಲ್ಲ.

ಶೂಟಿಂಗ್ ಒಂದೇ ದಿನ, ಒಂದು ಹೌಸಿಂಗ್ ಸೊಸೈಟಿಯ ಒಳರಸ್ತೆಯಲ್ಲಿ. ಸಾರ್ವಜನಿಕ ರಸ್ತೆಗೆ ಅನುಮತಿ, ಪೊಲೀಸ್ ಬಂದೋಬಸ್ತು ಅಂತ ಓಡಾಡುವ ಶಕ್ತಿ ನಮಗಿರಲಿಲ್ಲ. ಹೇಗೂ ನಮಗೆ ಬೇಕಾದದ್ದು ಆರು ಅಡಿ ಒದ್ದೆ ಟಾರು. ಸೊಸೈಟಿಯ ಗಿಡಕ್ಕೆ ನೀರು ಬಿಡುವ ಪೈಪೇ ನಮ್ಮ ಮಳೆ.

ಓಡುವ ಶಾಟಿನ ಬಗ್ಗೆ ಮಾತ್ರ ನಾನು ಹಟ ಮಾಡಿದೆ. ಕ್ಲಿಪ್ ಹಾಕದೆ ಓಡಿಸಬೇಡ ಅಂತ ಹೇಳುವ ಚಿತ್ರಕ್ಕಾಗಿ ಒಬ್ಬನನ್ನು ಕ್ಲಿಪ್ ಹಾಕದೆ ಓಡಿಸುವುದು ಯಾವ ನ್ಯಾಯ? ನಿಧಾನಕ್ಕೆ ಓಡಿಸಿದರೂ ಇಲ್ಲ ಅಂದೆ. ಸ್ಕೂಟರನ್ನು ಮೇನ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿದೆವು, ಎಂಜಿನ್ ಬಂದ್. ಹೋಟೆಲಿನಿಂದ ತಂದ ನಿಲ್ಲುವ ಫ್ಯಾನ್ ಎದುರಿಗೆ. ಇಬ್ಬರು ಹುಡುಗರು ಎಲೆ ಇರುವ ಕೊಂಬೆ ಹಿಡಿದು ಬಿಸಿಲಿಗೆ ಅಡ್ಡವಾಗಿ ಬೀಸುತ್ತ ಇದ್ದರು. ಮುಖದ ಮೇಲೆ ನೆರಳು ಬೆಳಕು ಸರಿಯುತ್ತ ಹೋದರೆ ಗಾಡಿ ಓಡುತ್ತಿದೆ ಅಂತಲೇ ಕಣ್ಣು ನಂಬುತ್ತದೆ. ಹಿಂದಿನದ್ದೆಲ್ಲ ಮಸುಕು. ಗದ್ದವನ್ನು ಅಷ್ಟು ಹತ್ತಿರದಿಂದ ಹಿಡಿದದ್ದು ಇಲ್ಲೂ ಉಪಯೋಗಕ್ಕೆ ಬಂತು. ಅಗಲವಾದ ಶಾಟಿನಲ್ಲಿ ಈ ಮೋಸ ನಡೆಯುತ್ತಿರಲಿಲ್ಲ.

ಕಷ್ಟ ಕೊಟ್ಟದ್ದು ಹೆಲ್ಮೆಟ್. ಅದು ಚೆಂಡಲ್ಲ. ಒಂದು ಕಡೆ ಭಾರ, ಕೆಳಗೆ ತೆರೆದ ಬಾಯಿ. ಉರುಳಿಸಿದರೆ ಕೋಳಿಮೊಟ್ಟೆಯ ಹಾಗೆ ಸುತ್ತಿಕೊಂಡು ಚೌಕಟ್ಟಿನಿಂದ ಹೊರಗೆ ಹೋಗುತ್ತದೆ. ಹದಿನೈದು ಇಪ್ಪತ್ತು ಸಲ ಹೋಯಿತು. ಕೊನೆಗೆ ಉರುಳಿಸುವುದನ್ನೇ ಬಿಟ್ಟೆವು. ಬಾಯಿ ಮೇಲಾಗಿ ಅಂಗಾತ ಇಟ್ಟು, ಮೀನು ಹಿಡಿಯುವ ದಾರದಿಂದ ಒಂದು ಬದಿ ಎತ್ತಿ ಬಿಟ್ಟೆವು. ತೊಟ್ಟಿಲಿನ ಹಾಗೆ ತೂಗಿತು. ಸೆಕೆಂಡಿಗೆ 50 ಫ್ರೇಮ್ ಹಿಡಿದು 25ರಲ್ಲಿ ಓಡಿಸಿದೆವು, ತೂಗಾಟ ಅರ್ಧ ವೇಗಕ್ಕೆ ಇಳಿಯಿತು. ಕಂಡವರೆಲ್ಲ ಉಸಿರು ಹಿಡಿದರು.

ಹೀಗೆ ಎತ್ತಿ ಹಾಕಿದ ಹೆಲ್ಮೆಟ್ ಮೂರು. ಸಂಜೆ ಒಬ್ಬ ಹುಡುಗ ಕೇಳಿದ, "ಅಣ್ಣ, ಹೊಸದು, ನಾನು ತಗೊಂಡು ಹೋಗ್ಲಾ?" ಕೊಡಲಿಲ್ಲ. ಹೆಲ್ಮೆಟ್ಟಿನ ಒಳಗಿನ ಥರ್ಮೊಕೋಲ್ ಪದರವೇ ಏಟು ನುಂಗುವುದು, ಅದು ನುಂಗುವುದು ತಾನು ಕುಗ್ಗಿ. ಒಂದು ಸಲ ಕುಗ್ಗಿದ ಜಾಗ ಮತ್ತೆ ಉಬ್ಬುವುದಿಲ್ಲ, ಹೊರಗಿನಿಂದ ಕಾಣುವುದೂ ಇಲ್ಲ. ಅವುಗಳ ಪಟ್ಟಿ ಕತ್ತರಿಸಿ ಗುಜರಿಗೆ ಹಾಕಿದೆವು. ಕ್ಲಿಪ್ ಹಾಕಿ ಅಂತ ಚಿತ್ರ ಮಾಡಿ ಕೊನೆಗೆ ಪಟ್ಟಿಯನ್ನೇ ಕತ್ತರಿಸಿದೆವಲ್ಲ ಅಂತ ಎಲ್ಲರೂ ನಕ್ಕರು.

ಡಬ್ಬಿ ಮುಚ್ಚುವ ಕೈ ಯಾರದ್ದು ಅಂತ ಹೇಳಲೇಬೇಕು. ಅದು ಆ ಹುಡುಗನದ್ದೇ, ಗಲ್ಲಾದಲ್ಲಿ ಕೂರುವವನದ್ದು. ಮುಖ ತೋರಿಸುವುದಿಲ್ಲ ಅಂದ, ಕೈ ಕೊಟ್ಟ. ಕ್ಲಿಪ್ ಒತ್ತಿ ಹೆಬ್ಬೆರಳಿನಿಂದ ಇನ್ನೊಮ್ಮೆ ಸವರಿ ನೋಡುವ ಅಭ್ಯಾಸ ಅವನದ್ದು. ನಾವು ಬರೆದದ್ದಲ್ಲ. ಕೊನೆಯ ಟಕ್ ಶಾಟಿನಲ್ಲೂ ಅದೇ ಹೆಬ್ಬೆರಳ ಸವರುವಿಕೆಯನ್ನು ಇನ್ನೊಂದು ಕೈಯಿಂದ ಮಾಡಿಸಿದೆವು. ಎರಡು ಕ್ಲಿಪ್ಪಿಗೂ ನಂಟು ಬೆಸೆದದ್ದು, ನನ್ನ ಪ್ರಕಾರ, ಕೋನಕ್ಕಿಂತ ಜಾಸ್ತಿ ಆ ಹೆಬ್ಬೆರಳು.

ಸದ್ದಿನಲ್ಲಿ ಒಂದು ತೊಡಕು ಬಂತು. ಸ್ಟೀಲಿನ ಟಕ್ ಗಂಟೆಯ ಹಾಗೆ ಮೊಳಗುತ್ತದೆ. ಪ್ಲಾಸ್ಟಿಕ್ಕಿನದ್ದು ಮೊಂಡು. ಫೋನಿನ ಸ್ಪೀಕರಿನಲ್ಲಿ ದಪ್ಪ ಸದ್ದು ಹೇಗೂ ಸತ್ತುಹೋಗುತ್ತದೆ, ಹೆಲ್ಮೆಟ್ ಕ್ಲಿಪ್ಪಿನದ್ದು ಕೇಳಿಸಲೇ ಇಲ್ಲ. ಮೈಕನ್ನು ಖಾಲಿ ಹೆಲ್ಮೆಟ್ಟಿನ ಒಳಗಿಟ್ಟು ಕ್ಲಿಪ್ ಹಾಕಿದಾಗ ತಂಬೂರಿ ಬುರುಡೆಯ ಹಾಗೆ ಸದ್ದು ತುಂಬಿಕೊಂಡಿತು. ಪ್ರತಿ ಟಕ್‌ಗೆ ಮುಂಚೆ ಅರ್ಧ ಸೆಕೆಂಡ್ ಪೂರ್ತಿ ಮೌನ ಇಟ್ಟೆವು. ಸದ್ದಿಗೆ ಸದ್ದು ಹೋಲದಿದ್ದರೂ ಮೌನಕ್ಕೆ ಮೌನ ಹೋಲಿತು. ಸದ್ದು ಬಂದ್ ಮಾಡಿ ನೋಡುವವರಿಗೆ ಅದೂ ಇಲ್ಲ. ಅವರಿಗೆ ಹೆಬ್ಬೆರಳೇ ಗತಿ.

ಮುಗಿದ ಚಿತ್ರವನ್ನು ಬೇರೆ ಹತ್ತು ಜನಕ್ಕೆ ತೋರಿಸಿ ಮರುದಿನ ಅದೇ ಪ್ರಶ್ನೆ ಕೇಳಿದೆವು. ಏಳು ಜನ ಕ್ಲಿಪ್ ಅಂದರು. ಒಬ್ಬರು ಮಾತೇ ಆಡದೆ ಫೋನಿನಲ್ಲಿ ನಾಲಿಗೆಯಿಂದ "ಟಕ್" ಅಂತ ಸದ್ದು ಮಾಡಿ ತೋರಿಸಿದರು. ಕ್ಯಾರಿಯರ್ ಕಂಪನಿ ಯಾರೂ ಕೇಳಲಿಲ್ಲ.

ನೆನಪಿದ್ದರೆ ಸಾಕೇ? ಯಜಮಾನರು ಚಿತ್ರವನ್ನು ಹುಡುಗರ ವಾಟ್ಸಾಪ್ ಗುಂಪಿಗೆ ಹಾಕಿದ ಮೇಲೆ, ಹೋಟೆಲಿನ ಹಿಂಬಾಗಿಲ ಹತ್ತಿರ ಕಾಫಿ ಹಿಡಿದು ನಾನು ಆಗಾಗ ನಿಲ್ಲುತ್ತಿದ್ದೆ. ಮೊದಲ ವಾರ ಎಲ್ಲರ ಕೈಯೂ ಗದ್ದಕ್ಕೆ ಹೋಗುತ್ತಿತ್ತು, ನನ್ನನ್ನು ನೋಡಿಯೂ ಇರಬಹುದು. ತಿಂಗಳ ಮೇಲೆ ಅರ್ಧ ಜನ ಹಳೆಯ ದಾರಿಗೆ ಬಂದಿದ್ದರು. ಹೊರಡುವ ಮೊದಲ ಸಲ ಹಾಕುತ್ತಾರೆ, ನಾಲ್ಕನೇ ಮನೆ ಆದ ಮೇಲೆ ಇಲ್ಲ. ಮೂವತ್ತು ಸೆಕೆಂಡಿನ ಚಿತ್ರ ಹನ್ನೆರಡು ಸಲ ಇಳಿದು ಹತ್ತುವ ಬೇಸರವನ್ನು ಗೆಲ್ಲುವುದಿಲ್ಲ. ಅದನ್ನು ಗೆಲ್ಲಲು ಯಜಮಾನರು ಬೇರೆ ಒಂದು ಕೆಲಸ ಮಾಡಿದರು. ಗದ್ದ ಕೆರೆಯುವ ಪಟ್ಟಿಗೆ ಹತ್ತಿ ಬಟ್ಟೆಯ ತೋಳು ಹೊಲಿಸಿ ಕೊಟ್ಟರು. ಪಟ್ಟಿಯನ್ನು ಒಬ್ಬೊಬ್ಬರ ಅಳತೆಗೆ ಸರಿ ಮಾಡಿಸಿದರು. ಗದ್ದಕ್ಕೂ ಪಟ್ಟಿಗೂ ನಡುವೆ ಎರಡು ಬೆರಳು ಹಿಡಿಯಬೇಕು, ಅದಕ್ಕಿಂತ ಜಾಸ್ತಿ ಸಡಿಲ ಬೇಡ. ಕ್ಲಿಪ್ ಹಾಕಿದ ಮೇಲೆ ಹಿಂದಿನಿಂದ ಹೆಲ್ಮೆಟ್ ಹಿಡಿದು ಮುಂದಕ್ಕೆ ಮಗುಚಿ ನೋಡಿದರೆ ಕಳಚಿ ಬರಬಾರದು. ಕೆಲವರದ್ದು ಕ್ಲಿಪ್ ಹಾಕಿಯೂ ಕಳಚಿ ಬಂತು. ಚಿತ್ರದಲ್ಲಿ ನಾವು ಹೇಳದೆ ಬಿಟ್ಟದ್ದು ಇದೇ, ಟಕ್ ಅಂದರೂ ಸಡಿಲವಾಗಿರಬಹುದು ಅನ್ನುವುದು. ಹೇಳಲು ಜಾಗವೂ ಇರಲಿಲ್ಲ.

ಇನ್ನೊಂದು ವಿಷಯ ನಮ್ಮ ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಹುಡುಗರಲ್ಲಿ ಒಬ್ಬನಿಗೆ ಅವನ ಮಾವ ದುಬಾರಿ ಹೆಲ್ಮೆಟ್ ಕೊಡಿಸಿದ್ದರು. ಅದಕ್ಕೆ ಒತ್ತುವ ಕ್ಲಿಪ್ ಇಲ್ಲ. ಎರಡು ಉಕ್ಕಿನ ಬಳೆ, ಪಟ್ಟಿಯನ್ನು ಅವುಗಳೊಳಗೆ ತೂರಿಸಿ ಹಿಂದಕ್ಕೆ ತಂದು ಎಳೆಯಬೇಕು. ಚೆನ್ನಾಗಿ ಹಿಡಿಯುತ್ತದೆ, ಆದರೆ ಸದ್ದೇ ಇಲ್ಲ. ಹಿಂಬಾಗಿಲಲ್ಲಿ ಹುಡುಗರು ಹೊರಡುವಾಗ ಒಬ್ಬರಿಗೊಬ್ಬರು "ಟಕ್ ಆಯ್ತಾ?" ಅಂತ ಕೇಳುವ ತಮಾಷೆ ಶುರುವಾಗಿತ್ತು. ಮೊನ್ನೆ ಅವನನ್ನೂ ಕೇಳಿದರು. ಅವನು ಪಟ್ಟಿ ಎಳೆದು, ಹೆಬ್ಬೆರಳಿನಿಂದ ಒಮ್ಮೆ ಸವರಿ, ಬಾಯಲ್ಲೇ "ಟಕ್" ಅಂದು ಸ್ಕೂಟರ್ ಶುರು ಮಾಡಿದ.